ಮುಂಗಡ ತೆರಿಗೆ: ಅಂದಾಜು ತಪ್ಪಿದರೂ ಕಂತು ತಪ್ಪದಿರಲಿ

(ಸ್ವತಂತ್ರವಾಗಿ ಕೆಲಸ ಮಾಡುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸಂಬಳದ ನೌಕರಿಯಲ್ಲಿರುವವರ ತೆರಿಗೆಯನ್ನು ಕಂಪನಿಯೇ ತಿಂಗಳು ತಿಂಗಳು ಹಿಡಿದು ಕಟ್ಟಿಬಿಡುತ್ತದೆ. ನಿಮಗೆ ಹಾಗಿಲ್ಲ. ಕೆಲಸ ಕೊಟ್ಟವರು ಹಣ ಕಳುಹಿಸುತ್ತಾರೆ, ಕೆಲವರು ಟಿಡಿಎಸ್ ಹಿಡಿಯುತ್ತಾರೆ, ವಿದೇಶದವರು ಏನನ್ನೂ ಹಿಡಿಯುವುದಿಲ್ಲ. ಇದರ ಜೊತೆಗೆ ನಿಮ್ಮಲ್ಲಿ ಬಹಳ ಜನ ಷೇರು, ಮ್ಯೂಚುವಲ್ ಫಂಡ್‌ಗಳಲ್ಲಿ ಹಣ ಹಾಕಿದ್ದೀರಿ. ವರ್ಷದ ಕೊನೆಗೆ ಎಷ್ಟು ಆದಾಯವಾಗುತ್ತದೆ ಎಂಬುದು ನಿಮಗೇ ಗೊತ್ತಿರುವುದಿಲ್ಲ. ಆದರೆ ಕಾನೂನು ಜೂನ್ ತಿಂಗಳಿನಲ್ಲೇ ಅದರ ಮೇಲಿನ ತೆರಿಗೆಯ ಮೊದಲ ಭಾಗವನ್ನು ಕೇಳುತ್ತದೆ. ಗೊತ್ತಿಲ್ಲದ ಆದಾಯಕ್ಕೆ ತೆರಿಗೆ ಕಟ್ಟುವುದು ಹೇಗೆ ಎಂಬುದೇ ಇವತ್ತಿನ ವಿಷಯ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಕೆಲಸದಿಂದ ಬರುವ ಆದಾಯವನ್ನೂ ಹೂಡಿಕೆ ಮಾರಿ ಬರುವ ಲಾಭವನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಮೊದಲನೆಯದನ್ನು ನೀವು ಮುಂದಾಗಿಯೇ ಅಂದಾಜು ಮಾಡಬೇಕು, ತಪ್ಪಿದರೆ ಬಡ್ಡಿ. ಎರಡನೆಯದನ್ನು ಮುಂದಾಗಿ ಊಹಿಸಬೇಕಾಗಿಲ್ಲ, ಆದರೆ ಬಂದ ಮೇಲೆ ಸುಮ್ಮನಿರುವಂತಿಲ್ಲ. ಈ ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಿ ಲೆಕ್ಕ ಹಾಕುವುದರಿಂದಲೇ ಅರ್ಧಕ್ಕಿಂತ ಹೆಚ್ಚು ಗೊಂದಲ ಹುಟ್ಟುತ್ತದೆ.

ಮೊದಲು ಚೌಕಟ್ಟನ್ನು ನೋಡಿಬಿಡೋಣ. ವರ್ಷದ ಒಟ್ಟು ತೆರಿಗೆಯಿಂದ ಟಿಡಿಎಸ್ ಕಳೆದ ಮೇಲೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಉಳಿಯುವುದಾದರೆ ಮುಂಗಡ ತೆರಿಗೆ ಕಟ್ಟಬೇಕು. ಜೂನ್ 15ರ ಒಳಗೆ ಶೇಕಡಾ 15, ಸೆಪ್ಟೆಂಬರ್ 15ರ ಒಳಗೆ ಒಟ್ಟು 45, ಡಿಸೆಂಬರ್ 15ರ ಒಳಗೆ ಒಟ್ಟು 75, ಮಾರ್ಚ್ 15ರ ಒಳಗೆ ಪೂರ್ತಿ. ಇಲ್ಲಿ ‘ಒಟ್ಟು’ ಎಂಬುದನ್ನು ಗಮನಿಸಿ. ಸೆಪ್ಟೆಂಬರಿನಲ್ಲಿ ಕಟ್ಟುವುದು ಹೊಸದಾಗಿ ಶೇಕಡಾ 45 ಅಲ್ಲ, ಅಷ್ಟರೊಳಗೆ ಕಟ್ಟಿದ್ದೆಲ್ಲ ಸೇರಿ 45 ಆಗಬೇಕು. ಅಂದರೆ ಜೂನ್‌ನಲ್ಲಿ ಕಡಿಮೆ ಕಟ್ಟಿದ್ದರೆ ಸೆಪ್ಟೆಂಬರಿನಲ್ಲಿ ಅದನ್ನೂ ತುಂಬಿಕೊಳ್ಳುವುದಕ್ಕೆ ದಾರಿ ತಾನಾಗಿಯೇ ಇದೆ. ಅರುವತ್ತು ವರ್ಷ ದಾಟಿದ, ವ್ಯಾಪಾರ ಅಥವಾ ವೃತ್ತಿಯ ಆದಾಯವೇ ಇಲ್ಲದ ಹಿರಿಯರಿಗೆ ಇದು ಯಾವುದೂ ಅನ್ವಯವಾಗುವುದಿಲ್ಲ. ಹಿರಿಯರಾಗಿಯೂ ಫ್ರೀಲಾನ್ಸ್ ಕೆಲಸ ಮಾಡುತ್ತಿದ್ದರೆ ಅನ್ವಯವಾಗುತ್ತದೆ.

ತಪ್ಪಿದರೆ ಏನಾಗುತ್ತದೆ? ಜನ ಇದನ್ನು ದಂಡ ಎನ್ನುತ್ತಾರೆ. ನಿಜವಾಗಿ ಅದು ತಿಂಗಳಿಗೆ ಶೇಕಡಾ 1ರಂತೆ ಸರಳ ಬಡ್ಡಿ, ಎರಡು ಬಗೆಯದು. ಕಂತಿಗೆ ಸರಿಯಾಗಿ ಕಟ್ಟದಿದ್ದರೆ 234ಸಿ ಕಲಮಿನ ಬಡ್ಡಿ. ವರ್ಷ ಮುಗಿದಾಗ ಕಟ್ಟಬೇಕಾದುದರ ಶೇಕಡಾ 90ರಷ್ಟೂ ಕಟ್ಟಿರದಿದ್ದರೆ ಏಪ್ರಿಲ್‌ನಿಂದ 234ಬಿ ಕಲಮಿನ ಬಡ್ಡಿ. ನಾನು ಇಲ್ಲಿ 2025-26ನೇ ಆರ್ಥಿಕ ವರ್ಷದ ಉದಾಹರಣೆ ಕೊಡುತ್ತಿರುವುದರಿಂದ 1961ರ ಕಾಯ್ದೆಯ ಕಲಮುಗಳನ್ನೇ ಹೇಳುತ್ತಿದ್ದೇನೆ. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ. ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಕಂತುಗಳ ಏರ್ಪಾಡು ಹಾಗೆಯೇ ಇದೆ.

ಕಂತಿನ ಬಡ್ಡಿಯಲ್ಲಿ ಒಂದು ಕಠಿಣವಾದ ಅಂಶವಿದೆ. ಜೂನ್, ಸೆಪ್ಟೆಂಬರ್, ಡಿಸೆಂಬರ್ ಕಂತುಗಳು ತಪ್ಪಿದರೆ ಕೊರತೆಯ ಮೇಲೆ ಮೂರು ತಿಂಗಳ ಬಡ್ಡಿಯನ್ನು ಒಟ್ಟಿಗೇ ಹಾಕುತ್ತಾರೆ. ಒಂದು ವಾರ ತಡವಾಗಿ ಕಟ್ಟಿದರೂ ಮೂರು ತಿಂಗಳ ಬಡ್ಡಿಯೇ. ಮಾರ್ಚ್ ಕಂತಿಗೆ ಮಾತ್ರ ಒಂದು ತಿಂಗಳದು. ಇದಕ್ಕೆ ಎದುರಾಗಿ ಸ್ವಲ್ಪ ಉದಾರತೆಯೂ ಇದೆ: ಜೂನ್‌ನಲ್ಲಿ 15ರ ಬದಲು 12, ಸೆಪ್ಟೆಂಬರಿನಲ್ಲಿ 45ರ ಬದಲು 36 ಮುಟ್ಟಿದ್ದರೆ ಆ ಕಂತಿಗೆ ಬಡ್ಡಿ ಇಲ್ಲ. ಡಿಸೆಂಬರಿಗೂ ಮಾರ್ಚಿಗೂ ಈ ಸಡಿಲಿಕೆ ಇಲ್ಲ.

ಇಷ್ಟು ಸಾಕು. ಈಗ ಒಂದು ಉದಾಹರಣೆ ಕಟ್ಟಿಕೊಂಡು ವರ್ಷವಿಡೀ ಅದರ ಜೊತೆ ನಡೆಯೋಣ.

ಒಬ್ಬ ಅನುವಾದಕಿ ಇದ್ದಾರೆ ಎಂದುಕೊಳ್ಳಿ. ಹಣ ಕೈಗೆ ಬಂದಾಗ ಆದಾಯ ಎಂದು ಬರೆಯುವ ನಗದು ಪದ್ಧತಿಯಲ್ಲಿ ಲೆಕ್ಕ ಇಟ್ಟಿದ್ದಾರೆ, ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಜೂನ್ ಮೊದಲ ವಾರ ಕುಳಿತು ವರ್ಷದ ಅಂದಾಜು ಮಾಡುತ್ತಾರೆ. ಅವರು ಮಾಡುವ ಮೊದಲ ಕೆಲಸ ಬಹಳ ಮುಖ್ಯವಾದುದು: ಬರುವ ಹಣವನ್ನು ಮೂರು ಗುಂಪು ಮಾಡುತ್ತಾರೆ. ಈಗಾಗಲೇ ಬ್ಯಾಂಕಿಗೆ ಬಂದದ್ದು ಒಂದು. ಒಪ್ಪಂದವಾಗಿರುವುದು, ಪ್ರತಿ ತಿಂಗಳೂ ತಪ್ಪದೆ ಬರುವುದು ಎರಡು. ಬರಬಹುದು ಎಂಬ ಆಸೆಯದು ಮೂರು. ಮೊದಲ ಎರಡನ್ನು ಮಾತ್ರ ಅಂದಾಜಿಗೆ ಸೇರಿಸುತ್ತಾರೆ. ಮೂರನೆಯದು ಮುಂದಿನ ಕಂತಿನ ಹೊತ್ತಿಗೆ ಎರಡನೆಯ ಗುಂಪಿಗೆ ಬಂದರೆ ಆಗ ನೋಡಿಕೊಳ್ಳುವುದು.

ಹೀಗೆ ವರ್ಷದ ಸಂಭಾವನೆ 20 ಲಕ್ಷ, ಖರ್ಚು 4 ಲಕ್ಷ, ನಿವ್ವಳ ಆದಾಯ 16 ಲಕ್ಷ ಎಂದಾಯಿತು. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ ಪ್ರತಿ 4 ಲಕ್ಷಕ್ಕೆ ಕ್ರಮವಾಗಿ ಶೇಕಡಾ 5, 10, 15. ಅಂದರೆ 20,000, 40,000, 60,000, ಒಟ್ಟು 1,20,000. ಶೇಕಡಾ 4ರ ಸೆಸ್ ಸೇರಿ 1,24,800. ದೇಶದೊಳಗಿನ ಒಂದು ಪ್ರಕಾಶನ ಸಂಸ್ಥೆಯಿಂದ 5 ಲಕ್ಷ ಬರುತ್ತದೆ, ಅದರ ಮೇಲೆ ಶೇಕಡಾ 10ರಂತೆ 50,000 ಟಿಡಿಎಸ್ ಹಿಡಿಯುತ್ತಾರೆ. ಉಳಿದದ್ದೆಲ್ಲ ವಿದೇಶಿ ಗ್ರಾಹಕರದು. ಮುಂಗಡವಾಗಿ ಕಟ್ಟಬೇಕಾದದ್ದು 74,800. ಅದರ ಶೇಕಡಾ 15, ಅಂದರೆ 11,220 ರೂಪಾಯಿಯನ್ನು ಜೂನ್ ಕಂತಿಗೆ ಕಟ್ಟಿದರು.

ಖರ್ಚಿನ ವಿಷಯದಲ್ಲಿ ಇಲ್ಲಿ ಒಂದು ಎಚ್ಚರಿಕೆ. ಲ್ಯಾಪ್‌ಟಾಪ್ ಕೊಂಡರೆ ಅದರ ಪೂರ್ತಿ ಬೆಲೆಯನ್ನು ಆ ವರ್ಷದ ಖರ್ಚಿಗೆ ಬರೆದುಕೊಳ್ಳುವವರನ್ನು ಮತ್ತೆ ಮತ್ತೆ ನೋಡುತ್ತೇನೆ. ಅದು ಆಸ್ತಿ, ಅದರ ಮೇಲೆ ಸವಕಳಿ ಮಾತ್ರ ಸಿಗುತ್ತದೆ. ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 40, ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ‘ತೆರಿಗೆ ಉಳಿಯುತ್ತದೆ’ ಎಂದು ಫೆಬ್ರವರಿಯಲ್ಲಿ 80,000 ರೂಪಾಯಿಯ ಲ್ಯಾಪ್‌ಟಾಪ್ ಕೊಂಡರೆ ಆ ವರ್ಷದ ಆದಾಯದಿಂದ ಕಳೆಯುವುದು 16,000 ಮಾತ್ರ. ಅಂದಾಜಿನಲ್ಲಿ 80,000 ಕಳೆದಿಟ್ಟವರಿಗೆ ಮಾರ್ಚ್ ಕಂತು ಕಡಿಮೆ ಬೀಳುತ್ತದೆ.

ಟಿಡಿಎಸ್ ಕುರಿತೂ ಒಂದು ಮಾತು. ಹಿಡಿಯಬೇಕಾಗಿದ್ದ ಗ್ರಾಹಕ ಹಿಡಿಯದೆ ಪೂರ್ತಿ ಹಣ ಕೊಟ್ಟುಬಿಟ್ಟರೆ, ‘ಅದು ಅವರ ತಪ್ಪು’ ಎಂದು ಆ ಮೊತ್ತವನ್ನು ನಿಮ್ಮ ಮುಂಗಡ ತೆರಿಗೆಯಿಂದ ಕಳೆಯುವಂತಿಲ್ಲ. ಹಾಗೆ ಕಳೆಯುವುದಕ್ಕೆ ಹಿಂದೆ ಅವಕಾಶವಿತ್ತು, 2012ರ ಹಣಕಾಸು ಕಾಯ್ದೆ ಅದನ್ನು ತೆಗೆದುಹಾಕಿತು. ಆದ್ದರಿಂದ ಪ್ರತಿ ಕಂತಿಗೆ ಮೊದಲು ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ 26ಎಎಸ್ ಪಟ್ಟಿಯನ್ನು ತೆರೆದು, ನಿಮ್ಮ ಲೆಕ್ಕದ ಟಿಡಿಎಸ್ ಅಲ್ಲಿಯೂ ಇದೆಯೇ ಎಂದು ನೋಡಿ. ಗ್ರಾಹಕರು ತ್ರೈಮಾಸಿಕ ವಿವರ ಸಲ್ಲಿಸಿದ ಮೇಲಷ್ಟೇ ಅದು ಕಾಣಿಸುತ್ತದೆ, ಹಾಗಾಗಿ ಒಂದೆರಡು ತಿಂಗಳ ತಡವನ್ನು ಸಹಜವೆಂದೇ ಎಣಿಸಿ. ಆದರೆ ಜೂನ್‌ಗೆ ಮುಂಚೆ ಹಿಡಿದದ್ದು ಡಿಸೆಂಬರಿಗೂ ಕಾಣದಿದ್ದರೆ ಕೇಳಲೇಬೇಕು.

ಮತ್ತೆ ಅನುವಾದಕಿಯ ಬಳಿಗೆ. ಆಗಸ್ಟಿನಲ್ಲಿ ಅವರಿಗೆ ಹೊಸ ವಿದೇಶಿ ಗ್ರಾಹಕರೊಬ್ಬರು ಸಿಕ್ಕರು. ಸೆಪ್ಟೆಂಬರಿನಲ್ಲಿ ಲೆಕ್ಕವನ್ನು ಹೊಸದಾಗಿ ಹಾಕಿದಾಗ ಸಂಭಾವನೆ 25 ಲಕ್ಷ, ಖರ್ಚು 5 ಲಕ್ಷ, ನಿವ್ವಳ 20 ಲಕ್ಷ ಎಂದಾಯಿತು. ಹೆಚ್ಚಿನ 4 ಲಕ್ಷಕ್ಕೆ ಎಷ್ಟು ತೆರಿಗೆ ಬಿತ್ತು ನೋಡಿ. ಮೊದಲ 16 ಲಕ್ಷಕ್ಕೆ ತೆರಿಗೆ 1,24,800, ಅಂದರೆ ಸರಾಸರಿ ನೂರಕ್ಕೆ ಎಂಟು ರೂಪಾಯಿಯೂ ಇಲ್ಲ. ಹೆಚ್ಚಿಗೆ ಬಂದ 4 ಲಕ್ಷಕ್ಕೆ ಶೇಕಡಾ 20, ಸೆಸ್ ಸೇರಿ 83,200. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು! ಫ್ರೀಲಾನ್ಸ್ ಮಾಡುವವರು ಸಿಕ್ಕಿಬೀಳುವುದು ಇಲ್ಲಿಯೇ. ಪ್ರತಿ ಪಾವತಿಯಿಂದ ಹೋದ ವರ್ಷದ ಸರಾಸರಿ ದರದಲ್ಲಿ ಇಷ್ಟಿಷ್ಟು ಎತ್ತಿಡುತ್ತಿರುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ವರ್ಷದ ಮಧ್ಯದಲ್ಲಿ ಹೆಚ್ಚುವರಿಯಾಗಿ ಬಂದ ಕೆಲಸದ ಹಣ ಯಾವಾಗಲೂ ನಿಮ್ಮ ಮೇಲಿನ ಹಂತದ ದರಕ್ಕೆ ಹೋಗಿ ಕೂರುತ್ತದೆ. ಅಂದಾಜಿನಲ್ಲಿ ಇಲ್ಲದಿದ್ದ ಹಣ ಬಂದ ದಿನವೇ ಅದರಿಂದ ಆ ಮೇಲಿನ ದರದಲ್ಲಿ ತೆಗೆದು ಬೇರೆ ಖಾತೆಯಲ್ಲಿ ಇಡಬೇಕು.

ಈಗ ಒಟ್ಟು ತೆರಿಗೆ 2,08,000. ಟಿಡಿಎಸ್ 50,000 ಕಳೆದು 1,58,000. ಅದರ ಶೇಕಡಾ 45 ಎಂದರೆ 71,100. ಜೂನ್‌ನಲ್ಲಿ ಕಟ್ಟಿದ 11,220 ಕಳೆದು, ಸೆಪ್ಟೆಂಬರ್ 15ರ ಒಳಗೆ 59,880 ಕಟ್ಟಿದರು. ಡಿಸೆಂಬರಿಗೆ ಅಂದಾಜು ಬದಲಾಗಲಿಲ್ಲ, ಶೇಕಡಾ 75 ಆಗುವುದಕ್ಕೆ ಇನ್ನು 47,400 ಕಟ್ಟಿದರು.

ಹಾಗಾದರೆ ಜೂನ್ ಕಂತು ತಪ್ಪಿತಲ್ಲವೇ? ತಪ್ಪಿತು. ಇದು ಬಹಳ ಜನಕ್ಕೆ ಅನ್ಯಾಯವೆನಿಸುತ್ತದೆ. ಜೂನ್‌ನಲ್ಲಿ ಆ ಗ್ರಾಹಕರೇ ಇರಲಿಲ್ಲ. ಆದರೂ ಕಾನೂನು ಜೂನ್ ಕಂತನ್ನು ಅಳೆಯುವುದು ರಿಟರ್ನ್‌ನಲ್ಲಿ ತೋರಿಸಿದ ಕೊನೆಯ ಆದಾಯದಿಂದ, ಅಂದು ನಿಮಗೆ ಗೊತ್ತಿದ್ದುದರಿಂದ ಅಲ್ಲ. 1,58,000ದ ಶೇಕಡಾ 12 ಎಂದರೆ 18,960. ಕಟ್ಟಿದ್ದು 11,220. ಸಡಿಲಿಕೆಯ ಗೆರೆಯೂ ಮುಟ್ಟಲಿಲ್ಲ. ಆದ್ದರಿಂದ ಪೂರ್ತಿ 15ರ ಲೆಕ್ಕದಲ್ಲಿ, 23,700ಕ್ಕೆ ಕಡಿಮೆಯಾದ 12,480ರ ಮೇಲೆ ಬಡ್ಡಿ. ನೂರರ ಕೆಳಗಿನ ಚಿಲ್ಲರೆ ಬಿಟ್ಟು 12,400ಕ್ಕೆ ಶೇಕಡಾ 3, ಅಂದರೆ 372 ರೂಪಾಯಿ.

ಈ 372 ರೂಪಾಯಿಯನ್ನು ಚೆನ್ನಾಗಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ನಾಲ್ಕು ಲಕ್ಷದ ಅಂದಾಜು ತಪ್ಪಿದ್ದಕ್ಕೆ ತೆತ್ತದ್ದು ಇಷ್ಟೇ, ಏಕೆಂದರೆ ಮುಂದಿನ ಕಂತಿನಲ್ಲೇ ಸರಿಪಡಿಸಿಕೊಂಡರು. ಹಳೆಯ ಅಂದಾಜಿಗೇ ಅಂಟಿಕೊಂಡು ಸೆಪ್ಟೆಂಬರಿನಲ್ಲೂ 74,800ರ ಲೆಕ್ಕದಲ್ಲೇ ಕಟ್ಟಿದ್ದರೆ ಆ ಒಂದು ಕಂತಿಗೇ ಇನ್ನೂ 1,122 ರೂಪಾಯಿ ಬಡ್ಡಿ ಸೇರುತ್ತಿತ್ತು. ಜೂನ್‌ನಲ್ಲಿ ನಿಖರವಾಗಿ ಊಹಿಸಬೇಕೆಂಬ ಭಯದಿಂದ ಏನೂ ಕಟ್ಟದೆ ಕೂರುವವರಿದ್ದಾರೆ. ಬೇಡ. ಗೊತ್ತಿದ್ದಷ್ಟಕ್ಕೆ ಕಟ್ಟಿ, ಬೇಕಾದರೆ ಸ್ವಲ್ಪ ಮುಂದಾಗಿ ಕಟ್ಟಿ, ಪ್ರತಿ ಕಂತಿಗೂ ಲೆಕ್ಕವನ್ನು ಮೊದಲಿನಿಂದ ಹಾಕಿ. ಹೋದ ವರ್ಷದ ತೆರಿಗೆಯಷ್ಟನ್ನೇ ಕಟ್ಟಿದರೆ ಬಡ್ಡಿ ತಪ್ಪುತ್ತದೆ ಎಂದು ಕೆಲವರು ನಂಬಿದ್ದಾರೆ. ಅಂಥ ರಕ್ಷಣೆ ಅಮೆರಿಕದಲ್ಲಿದೆ, ನಮ್ಮ ಕಾಯ್ದೆಯಲ್ಲಿಲ್ಲ.

ಇನ್ನು ಎರಡನೆಯ ಹಾಳೆ, ಹೂಡಿಕೆಯ ಲಾಭ.

ಜನವರಿಯಲ್ಲಿ ಅನುವಾದಕಿ ಮನೆಯ ಅಗತ್ಯಕ್ಕೆ ಷೇರು ಆಧಾರಿತ ಮ್ಯೂಚುವಲ್ ಫಂಡ್ ಯೂನಿಟ್‌ಗಳನ್ನು ಮಾರಿದರು. ಕೊಂಡು ವರ್ಷವಾಗದಿದ್ದ ಯೂನಿಟ್‌ಗಳಿಂದ 1,50,000 ಅಲ್ಪಾವಧಿ ಲಾಭ, ಹಳೆಯವುಗಳಿಂದ 3,25,000 ದೀರ್ಘಾವಧಿ ಲಾಭ. ಅಲ್ಪಾವಧಿಗೆ ಶೇಕಡಾ 20ರಂತೆ 30,000. ದೀರ್ಘಾವಧಿಯಲ್ಲಿ ವರ್ಷಕ್ಕೆ 1,25,000 ವಿನಾಯಿತಿ ಕಳೆದು ಉಳಿದ 2 ಲಕ್ಷಕ್ಕೆ ಶೇಕಡಾ 12.5ರಂತೆ 25,000. ಸೆಸ್ ಸೇರಿ ಒಟ್ಟು 57,200. ನಿವಾಸಿ ಭಾರತೀಯರು ಯೂನಿಟ್ ಮಾರಿದಾಗ ಈ ಲಾಭಕ್ಕೆ ಫಂಡ್ ಸಂಸ್ಥೆ ಟಿಡಿಎಸ್ ಹಿಡಿಯುವುದಿಲ್ಲ. ಪೂರ್ತಿ ಹಣ ಖಾತೆಗೆ ಬಂದು ಬೀಳುತ್ತದೆ, ಅದರಲ್ಲಿ ಸರ್ಕಾರದ ಪಾಲಿದೆ ಎಂಬುದು ಮರೆತೇ ಹೋಗುತ್ತದೆ.

ಈ ಲಾಭ ಜೂನ್‌ನಲ್ಲಿ ಅಂದಾಜಿನಲ್ಲಿರಲಿಲ್ಲ. ಇದಕ್ಕೂ ಮೂರು ಕಂತುಗಳ ಬಡ್ಡಿ ಬೀಳುತ್ತದೆಯೇ? ಇಲ್ಲ. ಬಂಡವಾಳ ಲಾಭವನ್ನು ಮುಂದಾಗಿ ಊಹಿಸಲಾಗದು ಎಂದು 234ಸಿ ಕಲಮೇ ಒಪ್ಪಿಕೊಂಡಿದೆ. ಆ ಲಾಭದ ಮೇಲಿನ ಪೂರ್ತಿ ತೆರಿಗೆಯನ್ನು ಅದು ಬಂದ ನಂತರ ಉಳಿದಿರುವ ಕಂತುಗಳಲ್ಲಿ, ಕಂತೇ ಉಳಿದಿರದಿದ್ದರೆ ಮಾರ್ಚ್ 31ರ ಒಳಗೆ ಕಟ್ಟಿದರೆ ಹಿಂದಿನ ಕಂತುಗಳಿಗೆ ಬಡ್ಡಿ ಇಲ್ಲ. ಲಾಭಾಂಶಕ್ಕೂ ಲಾಟರಿಯಂಥ ಗೆಲುವಿಗೂ ಮೊಟ್ಟಮೊದಲ ಬಾರಿಗೆ ಶುರುವಾದ ವ್ಯಾಪಾರ ಅಥವಾ ವೃತ್ತಿಯ ಆದಾಯಕ್ಕೂ ಇದೇ ರಿಯಾಯಿತಿ ಇದೆ. ಹೀಗಾಗಿ ಈ ವರ್ಷವೇ ನೌಕರಿ ಬಿಟ್ಟು ಫ್ರೀಲಾನ್ಸ್ ಆರಂಭಿಸಿದವರು ಸ್ವಲ್ಪ ಉಸಿರಾಡಬಹುದು. ಬ್ಯಾಂಕ್ ಠೇವಣಿಯ ಬಡ್ಡಿಗೆ ಮಾತ್ರ ಈ ರಿಯಾಯಿತಿ ಇಲ್ಲ, ಅದು ಮೊದಲೇ ಗೊತ್ತಿರುವ ಆದಾಯ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನ ಲಾಭಕ್ಕೂ, ಅದೇ ದಿನ ಕೊಂಡು ಮಾರುವ ಷೇರಿನ ಲಾಭಕ್ಕೂ ಇಲ್ಲ. ಅವು ವ್ಯಾಪಾರದ ಆದಾಯ, ಬಂಡವಾಳ ಲಾಭವಲ್ಲ. ಬ್ರೋಕರ್‌ನ ಆ್ಯಪ್‌ನಲ್ಲಿ ಎಲ್ಲವೂ ಒಂದೇ ಪಟ್ಟಿಯಲ್ಲಿ ‘ಲಾಭ’ ಎಂದು ಕಂಡರೂ ನಿಮ್ಮ ಹಾಳೆಯಲ್ಲಿ ಇವು ಕೆಲಸದ ಆದಾಯದ ಕಡೆಗೆ ಹೋಗಬೇಕು.

ಆದ್ದರಿಂದ ಮಾರ್ಚ್ ಕಂತಿಗೆ ಅನುವಾದಕಿಯ ಲೆಕ್ಕ ಹೀಗಾಗುತ್ತದೆ: ಕೆಲಸದ ಬಾಬ್ತು 1,58,000, ಲಾಭದ ಬಾಬ್ತು 57,200, ಒಟ್ಟು 2,15,200. ಈಗಾಗಲೇ ಕಟ್ಟಿದ್ದು 1,18,500. ಮಾರ್ಚ್ 15ರ ಒಳಗೆ ಕಟ್ಟಬೇಕಾದದ್ದು 96,700. ಇಡೀ ವರ್ಷದಲ್ಲಿ ಅವರು ತೆರುವ ಬಡ್ಡಿ ಆ 372 ರೂಪಾಯಿ ಮಾತ್ರ.

ಲಾಭದ ತೆರಿಗೆಯನ್ನು ರಿಟರ್ನ್ ಸಲ್ಲಿಸುವಾಗ ನೋಡಿಕೊಳ್ಳೋಣ ಎಂದು ಬಿಟ್ಟಿದ್ದರೆ? ಕಟ್ಟಿದ್ದು 1,58,000, ಆದರೆ 2,15,200ರ ಶೇಕಡಾ 90 ಎಂದರೆ 1,93,680. ಅದನ್ನು ಮುಟ್ಟಿಲ್ಲವಾದ್ದರಿಂದ 57,200ಕ್ಕೆ ಏಪ್ರಿಲ್‌ನಿಂದ ಬಡ್ಡಿ ಓಡತೊಡಗುತ್ತದೆ. ಜುಲೈನಲ್ಲಿ ಕಟ್ಟಿದರೆ ನಾಲ್ಕು ತಿಂಗಳಿಗೆ 2,288. ಮಾರ್ಚ್ ಕಂತಿನ ಕೊರತೆಗೆ 572. ಇದರ ಮೇಲೆ, ಹಿಂದಿನ ಕಂತುಗಳಿಗಿದ್ದ ರಿಯಾಯಿತಿಯ ಷರತ್ತನ್ನೂ ಮುರಿದಂತಾಯಿತು.

ಮಾತಿನ ನಡುವೆ ಒಬ್ಬರು ಕೇಳಿದರು: “ಸರ್, ನನ್ನ ಆದಾಯ 12 ಲಕ್ಷದೊಳಗೇ ಇದೆ, ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ನನಗೂ ಇದು ಬೇಕೇ?” ಕೆಲಸದ ಆದಾಯ ಮಾತ್ರವಿದ್ದರೆ ಬೇಡ. ಆದರೆ ಆ ರಿಯಾಯಿತಿ ಷೇರಿನ ಲಾಭದ ಮೇಲಿನ ವಿಶೇಷ ದರದ ತೆರಿಗೆಯನ್ನು ಮುಟ್ಟುವುದಿಲ್ಲ. ನಿವ್ವಳ ಸಂಪಾದನೆ 10 ಲಕ್ಷ, ಅದರ ಜೊತೆಗೆ ಷೇರಿನಿಂದ 1 ಲಕ್ಷ ಅಲ್ಪಾವಧಿ ಲಾಭ ಇದ್ದರೆ, ಸಂಪಾದನೆಗೆ ತೆರಿಗೆ ಇಲ್ಲ, ಲಾಭಕ್ಕೆ ಸೆಸ್ ಸೇರಿ 20,800 ಇದೆ. ಟಿಡಿಎಸ್ ಏನೂ ಇಲ್ಲದಿದ್ದರೆ ಅದು 10,000ದ ಗೆರೆ ದಾಟಿತು, ಮುಂಗಡ ತೆರಿಗೆ ಕಟ್ಟಲೇಬೇಕು.

ಇನ್ನೊಬ್ಬರು ಸಾಫ್ಟ್‌ವೇರ್ ಸಲಹೆಗಾರರು, 44ಎಡಿಎ ಕಲಮಿನಡಿ ಸಂಭಾವನೆಯ ಅರ್ಧವನ್ನು ಆದಾಯವೆಂದು ತೋರಿಸುವವರು. ಅವರಿಗೆ ಸುಲಭ. ಹಾಗೆ ತೋರಿಸುವವರಿಗೆ ನಾಲ್ಕು ಕಂತಿಲ್ಲ, ಪೂರ್ತಿ ತೆರಿಗೆಯನ್ನು ಮಾರ್ಚ್ 15ರ ಒಳಗೆ ಒಂದೇ ಬಾರಿ ಕಟ್ಟಬಹುದು. ಆದರೆ ಆ ದಾರಿ ಕಾಯ್ದೆ ಹೆಸರಿಸಿದ ವೃತ್ತಿಗಳಿಗೆ ಮಾತ್ರ, ಅದಕ್ಕೆ ಸಂಭಾವನೆಯ ಮಿತಿಯೂ ಇದೆ: 50 ಲಕ್ಷ, ನಗದಾಗಿ ಬಂದದ್ದು ಶೇಕಡಾ 5 ಮೀರದಿದ್ದರೆ 75 ಲಕ್ಷ. ವರ್ಷದ ಮಧ್ಯದಲ್ಲಿ ಮಿತಿ ದಾಟುವ ಸೂಚನೆ ಕಂಡರೆ ಮಾರ್ಚಿನವರೆಗೆ ಕಾಯಬೇಡಿ. ಮಿತಿ ದಾಟಿದ ಮೇಲೆ ನೀವೂ ನಾಲ್ಕು ಕಂತಿನವರೇ, ಕಳೆದುಹೋದ ಕಂತುಗಳಿಗೆ ಬಡ್ಡಿ ಬೀಳುತ್ತದೆ.

ಕಟ್ಟುವ ಕ್ರಮ ಸರಳವಾಗಿದೆ. ಆದಾಯ ತೆರಿಗೆ ಜಾಲತಾಣದಲ್ಲಿ e-Pay Tax ತೆರೆದು, ಪ್ಯಾನ್ ಸಂಖ್ಯೆ ಕೊಟ್ಟು, ಮೊಬೈಲ್‌ಗೆ ಬರುವ ಸಂಕೇತ ಹಾಕಿ ಒಳಗೆ ಹೋಗಬೇಕು. ಎರಡು ಕಡೆ ಮಾತ್ರ ನಿಂತು ನೋಡಿ. ಒಂದು ವರ್ಷ: 2025-26ರಲ್ಲಿ ಗಳಿಸಿದ್ದಕ್ಕೆ ಆಯ್ಕೆ ಮಾಡಬೇಕಾದ ಅಸೆಸ್‌ಮೆಂಟ್ ವರ್ಷ 2026-27. ಇನ್ನೊಂದು ಪಾವತಿಯ ಬಗೆ: Advance Tax (100). ಪಕ್ಕದಲ್ಲೇ ಇರುವ Self Assessment Tax (300) ಒತ್ತಿದರೆ ಹಣ ಸರ್ಕಾರಕ್ಕೆ ಹೋಗುತ್ತದೆ, ಆದರೆ ಮುಂಗಡ ತೆರಿಗೆಯಾಗಿ ಎಣಿಕೆಯಾಗುವುದಿಲ್ಲ. ಚಲನ್ ಇಳಿಸಿಟ್ಟುಕೊಂಡು, ಕೆಲವು ದಿನಗಳ ನಂತರ ಅದು 26ಎಎಸ್‌ನಲ್ಲಿ ಸರಿಯಾದ ವರ್ಷದಡಿ ಬಂದಿದೆಯೇ ಎಂದು ಪರೀಕ್ಷಿಸಿ. ತಪ್ಪಾಗಿದ್ದರೆ ಜಾಲತಾಣದಲ್ಲೇ ಚಲನ್ ತಿದ್ದುಪಡಿಗೆ ಕೋರಿಕೆ ಸಲ್ಲಿಸಬಹುದು. ಅದಕ್ಕೆ ಕಾಲಮಿತಿ ಇರುವುದರಿಂದ ರಿಟರ್ನ್ ಸಮಯದವರೆಗೆ ಮುಂದೂಡಬೇಡಿ.

ಎಲ್ಲವನ್ನೂ ಸರಿಯಾಗಿ ಕಟ್ಟಿಯೂ ರಿಟರ್ನ್‌ನಲ್ಲಿ ಬಡ್ಡಿ ಬಂತು ಎಂದು ದೂರುವವರು ಪ್ರತಿ ವರ್ಷ ಇರುತ್ತಾರೆ. ಬಹಳ ಸಲ ಅದರ ಕಾರಣ ರಿಟರ್ನ್‌ನ ಬಂಡವಾಳ ಲಾಭದ ಪಟ್ಟಿಯ ಕೊನೆಯಲ್ಲಿರುವ ಒಂದು ಕೋಷ್ಟಕ. ಲಾಭ ಯಾವ ಅವಧಿಯಲ್ಲಿ ಬಂತೆಂದು ಅಲ್ಲಿ ಕೇಳುತ್ತಾರೆ: ಜೂನ್ 15ರವರೆಗೆ, ಸೆಪ್ಟೆಂಬರ್ 15ರವರೆಗೆ, ಡಿಸೆಂಬರ್ 15ರವರೆಗೆ, ಮಾರ್ಚ್ 15ರವರೆಗೆ, ಮತ್ತು ಮಾರ್ಚ್ 16ರಿಂದ 31ರವರೆಗೆ. ಬೇಸರದಿಂದ ಎಲ್ಲವನ್ನೂ ಮೊದಲ ಕಾಲಂನಲ್ಲಿ ತುಂಬಿದರೆ, ಜನವರಿಯಲ್ಲಿ ಮಾರಿದ ಯೂನಿಟ್‌ನ ಲಾಭವನ್ನು ನೀವೇ ಜೂನ್‌ಗೆ ಮುಂಚೆ ಬಂತೆಂದು ಒಪ್ಪಿಕೊಂಡಂತೆ, ಆಗ ತಂತ್ರಾಂಶ ಜೂನ್ ಕಂತಿನಿಂದಲೇ ಬಡ್ಡಿ ಹಾಕುತ್ತದೆ. ನಷ್ಟವನ್ನು ಹೊಂದಿಸಿಕೊಂಡ ಮೇಲೆ ಉಳಿದ ಲಾಭವನ್ನು ಇಲ್ಲಿ ತೋರಿಸಬೇಕು. ಬ್ರೋಕರ್ ಮತ್ತು ಫಂಡ್ ಸಂಸ್ಥೆಗಳು ಕೊಡುವ ಬಂಡವಾಳ ಲಾಭದ ವರದಿಯಲ್ಲಿ ಮಾರಿದ ದಿನಾಂಕ ಇರುತ್ತದೆ. ಆ ದಿನಾಂಕಗಳ ಪ್ರಕಾರ ಲಾಭವನ್ನು ಐದು ರಾಶಿ ಮಾಡಿ, ಒಂದೊಂದನ್ನೂ ಅದರದರ ಕಾಲಂಗೆ ತುಂಬಿ, ಸಲ್ಲಿಸುವ ಮುನ್ನ 234ಸಿ ಎಂದಿರುವ ಸಾಲಿನಲ್ಲಿ ಎಷ್ಟು ತೋರಿಸುತ್ತಿದೆ ಎಂದು ನೋಡಿ. ಅದು ನಿಮ್ಮ ಹಾಳೆಯ ಲೆಕ್ಕಕ್ಕೆ ಹೊಂದದಿದ್ದರೆ ಸಲ್ಲಿಸುವುದನ್ನು ನಿಲ್ಲಿಸಿ, ಈ ಕೋಷ್ಟಕವನ್ನೇ ಮೊದಲು ಮತ್ತೆ ತೆರೆಯಿರಿ.